ಬೆಳೆ ಸಾಲಕ್ಕೆ ಜಮೀನಿನ ಲೆಕ್ಕ: ಪುಸ್ತಕದಲ್ಲಿ ಏನಿರಬೇಕು, ಬ್ಯಾಂಕಿನವರು ಅದರಲ್ಲಿ ಏನು ಹುಡುಕುತ್ತಾರೆ

ಪ್ರಶ್ನೆ: ಮಂಡ್ಯ ತಾಲ್ಲೂಕಿನಲ್ಲಿ ನಾಲೆ ನೀರಿನ ಎರಡೂವರೆ ಎಕರೆ ಜಮೀನು ನನ್ನ ಹೆಸರಿನಲ್ಲಿದೆ. ಒಂದೂವರೆ ಎಕರೆ ಕಬ್ಬು, ಒಂದು ಎಕರೆ ಭತ್ತ. ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲದ ಮಿತಿಯನ್ನು ಹೆಚ್ಚಿಸಿಕೊಡಿ ಎಂದು ಕೇಳಿದ್ದಕ್ಕೆ, ಬೆಳೆಯ ಆದಾಯ ಮತ್ತು ಖರ್ಚಿನ ವಿವರ ತನ್ನಿ ಎಂದು ಬ್ಯಾಂಕಿನವರು ಹೇಳಿದ್ದಾರೆ. ನಾನು ಈವರೆಗೆ ಲೆಕ್ಕ ಬರೆದಿಟ್ಟಿಲ್ಲ. ಅರ್ಧ ಎಕರೆ ಕಬ್ಬನ್ನು ಆಲೆಮನೆಗೆ ಕೊಟ್ಟಿದ್ದು, ಅದಕ್ಕೆ ಚೀಟಿಯೂ ಇಲ್ಲ. ಏನು ಬರೆಯಬೇಕು, ಹೇಗೆ ಬರೆಯಬೇಕು, ದಯವಿಟ್ಟು ತಿಳಿಸಿ.

ಉತ್ತರ: ಬೆಳೆ ಸಾಲದ ಮಿತಿಯನ್ನು ನಿಮ್ಮ ಲಾಭ ನಷ್ಟವನ್ನು ನೋಡಿ ನಿಗದಿ ಮಾಡುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಮಾತೆಲ್ಲ ಸುಲಭವಾಗುತ್ತದೆ. ಒಂದೊಂದು ಬೆಳೆಗೆ ಎಕರೆಗೆ ಎಷ್ಟು ಸಾಲ ಕೊಡಬಹುದು ಎಂಬ ಮೊತ್ತವನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿಯು ನಿರ್ಧರಿಸುತ್ತದೆ. ಬ್ಯಾಂಕಿನವರು ಅದನ್ನು ಸ್ಕೇಲ್ ಆಫ್ ಫೈನಾನ್ಸ್ ಎನ್ನುತ್ತಾರೆ. ಆ ಮೊತ್ತವನ್ನು ನೀವು ಬೆಳೆಯುವ ವಿಸ್ತೀರ್ಣದಿಂದ ಗುಣಿಸಿ, ಕಟಾವಿನ ನಂತರದ ಖರ್ಚು ಮತ್ತು ಮನೆಯ ಅಗತ್ಯಕ್ಕೆಂದು ಅದರ ಶೇ 10ನ್ನೂ, ಜಮೀನಿನ ಸಲಕರಣೆಗಳ ದುರಸ್ತಿ ಮತ್ತು ನಿರ್ವಹಣೆಗೆಂದು ಶೇ 20ನ್ನೂ, ವಿಮೆಯ ಕಂತನ್ನೂ ಸೇರಿಸಿದರೆ ಮೊದಲ ವರ್ಷದ ಮಿತಿ ಸಿಗುತ್ತದೆ. ಮುಂದಿನ ವರ್ಷಗಳಿಗೆ ವರ್ಷಕ್ಕೆ ಶೇ 10ರಂತೆ ಹೆಚ್ಚಿಸಿ ಐದು ವರ್ಷದ ಮಿತಿಯನ್ನು ಒಟ್ಟಿಗೆ ಲೆಕ್ಕ ಹಾಕುತ್ತಾರೆ.

ಹಾಗಾದರೆ ನಿಮ್ಮ ಲೆಕ್ಕದ ಪುಸ್ತಕದಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಆ ಪುಸ್ತಕ ಎರಡು ಸಂಗತಿಗಳಿಗೆ ಸಾಕ್ಷಿಯಾಗುತ್ತದೆ. ಯಾವ ಸರ್ವೆ ನಂಬರಿನ ಎಷ್ಟು ಗುಂಟೆಯಲ್ಲಿ ನಿಜವಾಗಿ ಯಾವ ಬೆಳೆ ಇತ್ತು ಎಂಬುದು ಒಂದು. ಆ ಬೆಳೆಯ ಹಣ ಯಾವ ತಾರೀಖಿನಲ್ಲಿ ನಿಮ್ಮ ಕೈಗೆ ಬಂತು ಎಂಬುದು ಇನ್ನೊಂದು. ಮೊದಲನೆಯದರಿಂದ ಸಾಲದ ಮೊತ್ತ ತೀರ್ಮಾನವಾಗುತ್ತದೆ, ಎರಡನೆಯದರಿಂದ ಮರುಪಾವತಿಯ ಗಡುವು ತೀರ್ಮಾನವಾಗುತ್ತದೆ. ಬ್ಯಾಂಕುಗಳಲ್ಲಿ ಕೃಷಿ ಸಾಲದ ಅರ್ಜಿಗಳನ್ನು ಹಲವು ವರ್ಷ ಪರಿಶೀಲಿಸಿದ ನನ್ನ ಅನುಭವದಲ್ಲಿ, ರೈತರು ತರುವ ವಿವರದಲ್ಲಿ ಒಟ್ಟು ಆದಾಯ ಇಷ್ಟು, ಒಟ್ಟು ಖರ್ಚು ಇಷ್ಟು ಎಂಬ ಎರಡು ಸಾಲು ಇರುತ್ತಿತ್ತೇ ಹೊರತು, ಈ ಎರಡು ಸಂಗತಿಗಳು ಇರುತ್ತಿರಲಿಲ್ಲ.

ಪಹಣಿಯಿಂದಲೇ ಆರಂಭಿಸೋಣ. ಪಹಣಿಯ 12ನೇ ಕಾಲಮ್ಮಿನಲ್ಲಿ ಬೆಳೆಯ ವಿವರವಿರುತ್ತದೆ. ನಿಮ್ಮ ಜಮೀನಿನಲ್ಲಿ ಕಬ್ಬು ನಿಂತಿದ್ದರೂ ಅಲ್ಲಿ ಎರಡೂವರೆ ಎಕರೆಗೂ ಭತ್ತ ಎಂದೇ ದಾಖಲಾಗಿದ್ದರೆ, ಬ್ಯಾಂಕಿನವರು ಭತ್ತಕ್ಕೆ ತಕ್ಕ ಮಿತಿಯನ್ನೇ ಕೊಡುತ್ತಾರೆ. ಲೆಕ್ಕದ ಅನುಕೂಲಕ್ಕಾಗಿ ಕಬ್ಬಿಗೆ ಎಕರೆಗೆ 60,000 ರೂಪಾಯಿ, ಭತ್ತಕ್ಕೆ 40,000 ರೂಪಾಯಿ ನಿಗದಿಯಾಗಿದೆ ಎಂದು ಇಟ್ಟುಕೊಳ್ಳೋಣ. ಈ ವರ್ಷದ ನಿಜವಾದ ಮೊತ್ತವನ್ನು ನಿಮ್ಮ ಶಾಖೆಯಲ್ಲಿ ಕೇಳಿ ತಿಳಿಯಬಹುದು. ವಿಮೆಯ ಕಂತನ್ನು ಬಿಟ್ಟು ಲೆಕ್ಕ ಹಾಕಿದರೆ, ಎಲ್ಲವೂ ಭತ್ತವೆಂದಾದರೆ ಒಂದು ಲಕ್ಷ, ಅದಕ್ಕೆ ಶೇ 30 ಸೇರಿಸಿದರೆ 1,30,000 ರೂಪಾಯಿ. ಒಂದೂವರೆ ಎಕರೆ ಕಬ್ಬು, ಒಂದು ಎಕರೆ ಭತ್ತ ಎಂದಾದರೆ 1,30,000, ಅದಕ್ಕೆ ಶೇ 30 ಸೇರಿಸಿದರೆ 1,69,000 ರೂಪಾಯಿ. ಜಮೀನೂ ಅದೇ, ರೈತನೂ ಅವನೇ. ಪಹಣಿಯ ಒಂದು ಪದದಿಂದ 39,000 ರೂಪಾಯಿಯ ವ್ಯತ್ಯಾಸವಾಯಿತು. ಆದ್ದರಿಂದ ಪುಸ್ತಕ ಬರೆಯುವ ಮೊದಲು ಪಹಣಿಯನ್ನೂ, ಬೆಳೆ ಸಮೀಕ್ಷೆಯಲ್ಲಿ ದಾಖಲಾದ ವಿವರವನ್ನೂ ನೋಡಿಕೊಳ್ಳಿ. ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ, ಯಾವ ಫೋಟೊ ದಾಖಲಾಗಿದೆ ಎಂಬುದು ಕಾಣುತ್ತದೆ. ತಪ್ಪಿದ್ದರೆ ಬೆಳೆ ಜಮೀನಿನಲ್ಲಿ ನಿಂತಿರುವಾಗಲೇ ಆಕ್ಷೇಪಣೆ ಸಲ್ಲಿಸಬೇಕು. ಕಟಾವಾದ ಮೇಲೆ ತೋರಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ವಿಸ್ತೀರ್ಣ ಬರೆಯುವಾಗ ಆಗುವ ಒಂದು ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಾವು ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1-20 ಎಂದು ಬರೆಯುವುದು ರೂಢಿ. ಅರ್ಜಿಯಲ್ಲಿ ನಡುವಿನ ಗೆರೆಯ ಬದಲು ಚುಕ್ಕಿ ಇಟ್ಟು 1.20 ಎಕರೆ ಎಂದು ಬರೆದರೆ, ಅದನ್ನು ಓದುವವರು ಒಂದು ಎಕರೆ ಎಂಟು ಗುಂಟೆ ಎಂದು ತಿಳಿಯುತ್ತಾರೆ. ಏಕೆಂದರೆ ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಇಪ್ಪತ್ತು ಗುಂಟೆ ಎಂದರೆ 0.50 ಎಕರೆ. ಹನ್ನೆರಡು ಗುಂಟೆ ಕಬ್ಬು ಲೆಕ್ಕದಿಂದ ಹಾಗೆಯೇ ಬಿಟ್ಟುಹೋಗುತ್ತದೆ. ಮೇಲಿನ ಉದಾಹರಣೆಯ ದರದಲ್ಲಿ ಅದು 18,000 ರೂಪಾಯಿಯ ಸಾಲ. ಪುಸ್ತಕದಲ್ಲಿಯೂ ಅರ್ಜಿಯಲ್ಲಿಯೂ ಎಕರೆ, ಗುಂಟೆ ಎಂಬ ಪದಗಳನ್ನು ಬಿಡಿಸಿ ಬರೆಯಿರಿ.

ಇನ್ನು ಪುಸ್ತಕದ ವಿಷಯ. ಇನ್ನೂರು ಪುಟದ ಒಂದು ಉದ್ದನೆಯ ನೋಟ್‌ಬುಕ್ ಸಾಕು. ವರ್ಷಕ್ಕೆ ಒಂದರಂತೆ ಲೆಕ್ಕ ಇಡಬೇಡಿ. ಒಂದು ತುಂಡು ಜಮೀನಿನ ಒಂದು ಬೆಳೆಗೆ ಒಂದು ಲೆಕ್ಕ ಇಡಿ. ಕಬ್ಬು ಹದಿಮೂರು ಹದಿನಾಲ್ಕು ತಿಂಗಳ ಬೆಳೆಯಾದ್ದರಿಂದ, ಏಪ್ರಿಲಿನಿಂದ ಮಾರ್ಚಿಗೆ ಲೆಕ್ಕ ಹಾಕಿದರೆ ಒಂದು ವರ್ಷದಲ್ಲಿ ಬರೀ ಖರ್ಚು, ಮುಂದಿನ ವರ್ಷದಲ್ಲಿ ಬರೀ ಆದಾಯ ಕಾಣಿಸುತ್ತದೆ. ಎರಡೂ ಸುಳ್ಳು ಚಿತ್ರ. ಉಳುಮೆಯ ಮೊದಲ ದಿನದಿಂದ ಆ ಬೆಳೆಯ ಕೊನೆಯ ರೂಪಾಯಿ ಕೈಗೆ ಬರುವ ದಿನದವರೆಗೆ ಆ ಲೆಕ್ಕ ತೆರೆದಿರಲಿ. ಹೊಸ ನಾಟಿಯ ಕಬ್ಬಿಗೂ ಅದರ ಕೂಳೆಗೂ ಬೇರೆ ಬೇರೆ ಪುಟ ಇರಬೇಕು. ಕೂಳೆಗೆ ಬಿತ್ತನೆಯ ಖರ್ಚಿಲ್ಲ, ನಾಟಿಯ ಕೂಲಿಯಿಲ್ಲ, ಉಳುಮೆಯೂ ಹೆಚ್ಚಿಲ್ಲ. ಎರಡನ್ನೂ ಸೇರಿಸಿ ಬರೆದರೆ ಯಾವುದರಲ್ಲಿ ಎಷ್ಟು ಉಳಿಯಿತು ಎಂಬುದು ನಿಮಗೂ ತಿಳಿಯುವುದಿಲ್ಲ, ಅಧಿಕಾರಿಗೂ ತಿಳಿಯುವುದಿಲ್ಲ.

ಎಡಪುಟದಲ್ಲಿ ಖರ್ಚು, ಬಲಪುಟದಲ್ಲಿ ಆದಾಯ. ಪ್ರತಿ ಸಾಲಿನಲ್ಲಿ ತಾರೀಖು, ಏನು, ಎಷ್ಟು, ಯಾವ ದರ, ಒಟ್ಟು ಎಷ್ಟು, ಹಣ ಹೇಗೆ ಕೊಟ್ಟಿರಿ ಅಥವಾ ಪಡೆದಿರಿ, ಅದಕ್ಕೆ ಯಾವ ಕಾಗದವಿದೆ ಎಂಬುದು ಇರಲಿ. ಉದಾಹರಣೆಗೆ: ‘12-9-2024. ಬಿತ್ತನೆ ಕಬ್ಬು 5 ಟನ್. ಟನ್ನಿಗೆ 3,000. ಒಟ್ಟು 15,000. ಫೋನ್‌ನಲ್ಲಿ ಹಣ ಹಾಕಿದ್ದು. ಕಾಗದ: ಪಾಸ್‌ಪುಸ್ತಕ.’ ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯವಾದುದು. ಕಾಗದವಿಲ್ಲದಿದ್ದರೆ ‘ಕಾಗದ ಇಲ್ಲ’ ಎಂದು ಸ್ಪಷ್ಟವಾಗಿ ಬರೆಯಿರಿ. ಎಲ್ಲ ಸಾಲಿಗೂ ಕಾಗದವಿರುವ ಪುಸ್ತಕವನ್ನು ಯಾವ ಅಧಿಕಾರಿಯೂ ನಿರೀಕ್ಷಿಸುವುದಿಲ್ಲ. ಕೂಲಿ ಕೊಟ್ಟದ್ದಕ್ಕೆ ಯಾರೂ ರಶೀದಿ ಪಡೆಯುವುದಿಲ್ಲ ಎಂಬುದು ಅವರಿಗೂ ಗೊತ್ತು. ಕೂಲಿಯ ಸಾಲಿನಲ್ಲಿ ಹೆಣ್ಣಾಳು ಎಷ್ಟು, ಗಂಡಾಳು ಎಷ್ಟು, ಎಷ್ಟು ದಿನ ಎಂಬುದಿದ್ದರೆ ಸಾಕು. ದರವು ಊರಿನ ರೂಢಿಗೆ ಹೊಂದಿಕೊಂಡರೆ ನಂಬುತ್ತಾರೆ. ಮನೆಯವರು ಮತ್ತು ಮುಯ್ಯಾಳುಗಳು ದುಡಿದ ದಿನಗಳನ್ನು ದಿನಗಳಾಗಿಯೇ ಬರೆಯಿರಿ, ಹಣವಾಗಿ ಬರೆಯಬೇಡಿ. ಕೈಯಿಂದ ಹೋಗದ ಹಣವನ್ನು ಖರ್ಚಿಗೆ ಸೇರಿಸಿದರೆ ಉಳಿತಾಯ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ, ಸಾಲ ತೀರಿಸುವ ಶಕ್ತಿಯೂ ಹಾಗೆಯೇ ಕಾಣುತ್ತದೆ.

ರಸಗೊಬ್ಬರದ ಅಂಗಡಿಯಲ್ಲಿ ಆಧಾರ್ ದೃಢೀಕರಣದ ನಂತರ ಯಂತ್ರದಿಂದ ಬರುವ ರಶೀದಿಯಲ್ಲಿ ಕೊಂಡವರ ಹೆಸರಿರುತ್ತದೆ. ಪಕ್ಕದ ಮನೆಯವರ ಬೆರಳಚ್ಚಿನಲ್ಲಿ ನಿಮ್ಮ ಗೊಬ್ಬರ ತಂದರೆ ರಶೀದಿ ಅವರ ಹೆಸರಿಗೆ ಬರುತ್ತದೆ, ನಿಮ್ಮ ಖರ್ಚಿಗೆ ಸಾಕ್ಷಿ ಉಳಿಯುವುದಿಲ್ಲ. ಇನ್ನೊಂದು ತೊಂದರೆಯೂ ಇದೆ. ಆ ನುಣುಪು ಕಾಗದದ ಅಕ್ಷರ ಬಿಸಿಲಿಗೂ ಬೆವರಿಗೂ ಬೇಗ ಮಾಸಿಹೋಗುತ್ತದೆ. ಅಂಗಿಯ ಜೇಬಿನಲ್ಲಿಯೋ ದೇವರ ಪಟದ ಹಿಂದೆಯೋ ಇಟ್ಟ ರಶೀದಿಯನ್ನು ಮುಂದಿನ ಕಟಾವಿನ ಹೊತ್ತಿಗೆ ತೆಗೆದರೆ ಬಿಳಿಯ ತುಂಡು ಮಾತ್ರ ಕೈಗೆ ಸಿಗುತ್ತದೆ. ತಂದ ವಾರದಲ್ಲಿಯೇ ಜೆರಾಕ್ಸ್ ಮಾಡಿಸಿ ಅದೇ ಪುಟಕ್ಕೆ ಅಂಟಿಸಿ. ಕಾರ್ಖಾನೆಯ ತೂಕದ ಚೀಟಿಯೂ ಅದೇ ಬಗೆಯ ಕಾಗದದಲ್ಲಿದ್ದರೆ ಅದಕ್ಕೂ ಹೀಗೆಯೇ ಮಾಡಿ.

ಈಗ ನಿಮ್ಮಷ್ಟೇ ಜಮೀನಿನ ಒಂದು ಲೆಕ್ಕವನ್ನು ಪೂರ್ತಿಯಾಗಿ ನೋಡೋಣ. ಖರ್ಚು, ಇಳುವರಿಗಳ ಅಂಕಿಗಳು ಉದಾಹರಣೆಗೆಂದು ನಾನು ಇಟ್ಟುಕೊಂಡವು; ನಿಮ್ಮವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ. 2024ರ ಸೆಪ್ಟೆಂಬರಿನಲ್ಲಿ ಒಂದೂವರೆ ಎಕರೆಗೆ ಹೊಸ ನಾಟಿ. ಆ ತಿಂಗಳಿನಲ್ಲಿಯೇ ಟ್ರ್ಯಾಕ್ಟರ್ ಉಳುಮೆ ಮತ್ತು ಸಾಲು ತೆಗೆಸಿದ್ದಕ್ಕೆ 9,000, ಕೊಟ್ಟಿಗೆ ಗೊಬ್ಬರಕ್ಕೆ 8,000, ಬಿತ್ತನೆಗೆ 15,000, ನಾಟಿಯ ಕೂಲಿಗೆ 9,000, ಮೊದಲ ರಸಗೊಬ್ಬರಕ್ಕೆ 4,000, ಒಟ್ಟು 45,000 ರೂಪಾಯಿ ಖರ್ಚಾಯಿತು. ಅಕ್ಟೋಬರಿನಿಂದ ಜನವರಿಯವರೆಗೆ ಕಳೆ ತೆಗೆದು ಮಣ್ಣು ಏರಿಸಿದ್ದಕ್ಕೆ, ಮುಂದಿನ ಕಂತಿನ ಗೊಬ್ಬರಕ್ಕೆ, ಔಷಧಿಗೆ ಸೇರಿ 27,000. ಮುಂದೆ ಕಟಾವಿನವರೆಗೆ ಒಣಗಿದ ಗರಿ ಬಿಡಿಸಿದ್ದು ಮೊದಲಾದ ಕೆಲಸಗಳಿಗೆ 6,000. ಎಲ್ಲ ಸೇರಿ 78,000 ರೂಪಾಯಿ.

2025ರ ಸೆಪ್ಟೆಂಬರ್ 8ರಂದು ಅರ್ಧ ಎಕರೆ ಕಬ್ಬನ್ನು ಆಲೆಮನೆಯವರೇ ಕಡಿದುಕೊಂಡು ಹೋದರು. 20 ಟನ್, ಜಮೀನಿನಲ್ಲಿಯೇ ಟನ್ನಿಗೆ 2,500ರಂತೆ 50,000 ರೂಪಾಯಿ. ಆ ದಿನವೇ 30,000 ನಗದು, ತಿಂಗಳ ನಂತರ ಉಳಿದ 20,000. ಒಂದು ಎಕರೆ ಕಬ್ಬು ಅಕ್ಟೋಬರ್ 20ರಂದು ಕಾರ್ಖಾನೆಯಲ್ಲಿ ತೂಕವಾಯಿತು. 42 ಟನ್. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆಯು ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ, ಶೇ 9.5 ಮತ್ತು ಅದಕ್ಕಿಂತ ಕಡಿಮೆ ಇಳುವರಿಗೆ 3,290 ರೂಪಾಯಿ 50 ಪೈಸೆ. ಪೈಸೆಯನ್ನು ಬಿಟ್ಟು ಕೆಳಗಿನ ದರವನ್ನೇ ಹಿಡಿದರೆ 1,38,180 ರೂಪಾಯಿ. ಕಟಾವು ಮತ್ತು ಸಾಗಾಣಿಕೆಗೆ ಟನ್ನಿಗೆ 850ರಂತೆ 35,700 ಕಳೆದು, ನವೆಂಬರ್ 28ರಂದು ಖಾತೆಗೆ 1,02,480 ರೂಪಾಯಿ ಬಂತು.

ಆಲೆಮನೆಯ ಮಾರಾಟವನ್ನು ನೀವು ಬರೆಯದಿದ್ದರೆ ಏನಾಗುತ್ತದೆ ನೋಡಿ. ಚೀಟಿಯಿಲ್ಲ ಎಂದು ಅಳುಕಿ ಅದನ್ನು ಬಿಟ್ಟರೆ, ಒಂದೂವರೆ ಎಕರೆಯ ಖರ್ಚು 78,000, ಆದಾಯ 1,02,480, ಉಳಿತಾಯ 24,480 ರೂಪಾಯಿ ಮಾತ್ರ. ಅದಕ್ಕಿಂತ ಕೆಟ್ಟದ್ದು ಇಳುವರಿಯ ಲೆಕ್ಕ. ಒಂದೂವರೆ ಎಕರೆಯಲ್ಲಿ 42 ಟನ್ ಎಂದರೆ ಎಕರೆಗೆ 28 ಟನ್ನಾಯಿತು. ನಾಲೆ ನೀರಿನ ಜಮೀನಿನಲ್ಲಿ ಅಷ್ಟು ಕಡಿಮೆ ಇಳುವರಿ ಬಂದದ್ದನ್ನು ಕಂಡ ಅಧಿಕಾರಿ, ಒಂದೋ ನೀವು ಬೆಳೆಯನ್ನು ಸರಿಯಾಗಿ ನೋಡಿಕೊಂಡಿಲ್ಲ, ಇಲ್ಲವೇ ಕಬ್ಬಿನ ವಿಸ್ತೀರ್ಣವನ್ನು ಹೆಚ್ಚು ಮಾಡಿ ಹೇಳಿದ್ದೀರಿ ಎಂದು ತೀರ್ಮಾನಿಸುತ್ತಾರೆ. ಎರಡನೆಯ ಅನುಮಾನ ಬಂದರೆ ಮಿತಿ ಹೆಚ್ಚುವುದಿರಲಿ, ಇರುವ ವಿಸ್ತೀರ್ಣವನ್ನೇ ಪ್ರಶ್ನಿಸುತ್ತಾರೆ. ಆಲೆಮನೆಯ 20 ಟನ್ ಸೇರಿಸಿ ಬರೆದಾಗ ಒಟ್ಟು 62 ಟನ್, ಎಕರೆಗೆ ಸುಮಾರು 41 ಟನ್. ಉಳಿತಾಯ 74,480 ರೂಪಾಯಿ. ಕಾರ್ಖಾನೆಗೆ ಹೋದ ಎಕರೆಯಲ್ಲಿ 42 ಟನ್ ಬಂದಿರುವಾಗ, ಅದೇ ಜಮೀನಿನ ಅರ್ಧ ಎಕರೆಯಲ್ಲಿ 20 ಟನ್ ಬಂತು ಎಂಬುದು ತಾನಾಗಿಯೇ ನಂಬಿಕೆಗೆ ಅರ್ಹವಾಗುತ್ತದೆ. ಕಾಗದವಿರುವ ಲೆಕ್ಕವು ಕಾಗದವಿಲ್ಲದ ಲೆಕ್ಕಕ್ಕೆ ಹೀಗೆ ಆಧಾರವಾಗಿ ನಿಲ್ಲುತ್ತದೆ.

ಆದ್ದರಿಂದ ಆ ಮಾರಾಟವನ್ನು ಖಂಡಿತ ಬರೆಯಿರಿ, ಪಕ್ಕದಲ್ಲಿ ‘ಚೀಟಿ ಇಲ್ಲ, ನಗದು’ ಎಂದೂ ಬರೆಯಿರಿ. ಆಲೆಮನೆಯವರು ಪರಿಚಿತರಾದರೆ, ನಡೆದ ವ್ಯವಹಾರವನ್ನು ಇದ್ದದ್ದು ಇದ್ದ ಹಾಗೆ, ಇಂದಿನ ತಾರೀಖು ಹಾಕಿ ಬರೆದು ಸಹಿ ಮಾಡಿಕೊಡಿ ಎಂದು ಕೇಳಬಹುದು. ಹಳೆಯ ತಾರೀಖು ಹಾಕಿಸಿದ ಚೀಟಿ ಬೇಡ. ಹೊಸ ಕಾಗದ, ಹೊಸ ಶಾಯಿ, ವರ್ಷದ ಹಿಂದಿನ ತಾರೀಖು ಇರುವ ಚೀಟಿ ಒಂದೇ ನೋಟಕ್ಕೆ ಗುರುತು ಸಿಗುತ್ತದೆ, ಮತ್ತು ಆ ಒಂದು ಚೀಟಿಯಿಂದ ಉಳಿದ ನಿಜವಾದ ಕಾಗದಗಳ ಮೇಲೆಯೂ ಅನುಮಾನ ಹುಟ್ಟುತ್ತದೆ. ಮುಂದಿನ ಸಲ ಆಲೆಮನೆಗೆ ಕೊಡುವಾಗ ತಾರೀಖು, ಸರ್ವೆ ನಂಬರ್, ಟನ್, ದರ ಬರೆದ ಚೀಟಿಯನ್ನು ಆ ದಿನವೇ ಪಡೆಯಿರಿ, ಹಣವನ್ನು ಖಾತೆಗೆ ಹಾಕಿಸಿಕೊಳ್ಳಿ. ಕಾರ್ಖಾನೆಯೊಂದಿಗೆ ಒಪ್ಪಿಗೆ ಮಾಡಿಕೊಳ್ಳುವಾಗ, ಅಲ್ಲಿಗೆ ನಿಜವಾಗಿ ಕೊಡುವ ವಿಸ್ತೀರ್ಣವನ್ನಷ್ಟೇ ನೋಂದಾಯಿಸಿ. ಒಂದೂವರೆ ಎಕರೆಯನ್ನೂ ನೋಂದಾಯಿಸಿ ಅರ್ಧ ಎಕರೆಯನ್ನು ಬೇರೆಡೆಗೆ ಕೊಟ್ಟರೆ, ಒಪ್ಪಿಗೆಯ ಮಾತು ಮುರಿದಂತೆಯೂ ಆಗುತ್ತದೆ, ಎರಡು ದಾಖಲೆಗಳೂ ಒಂದನ್ನೊಂದು ಅಲ್ಲಗಳೆಯುತ್ತವೆ.

ಕಾರ್ಖಾನೆಯ ಹಣವನ್ನು ಬರೆಯುವಾಗಲೂ ಒಂದು ಎಚ್ಚರಿಕೆ ಬೇಕು. ಪಾಸ್‌ಪುಸ್ತಕದಲ್ಲಿ ಕಾಣುವುದು ಎಲ್ಲ ಕಡಿತಗಳೂ ಆದ ಮೇಲಿನ ಮೊತ್ತ. ಕಟಾವು ಸಾಗಾಣಿಕೆಯ ಜೊತೆಗೆ ಬಿತ್ತನೆ ಅಥವಾ ಗೊಬ್ಬರದ ಮುಂಗಡವನ್ನೋ, ಬೇರೊಂದು ಸಾಲದ ಕಂತನ್ನೋ ಅಲ್ಲಿಯೇ ಹಿಡಿದುಕೊಂಡಿದ್ದರೆ ಪಾಸ್‌ಪುಸ್ತಕದ ಮೊತ್ತ ಇನ್ನೂ ಇಳಿಯುತ್ತದೆ, ಬೆಳೆಯೇ ಕಡಿಮೆಯಾದಂತೆ ಕಾಣುತ್ತದೆ. ಬಲಪುಟದಲ್ಲಿ ಬಿಲ್ಲಿನ ಪೂರ್ತಿ ಮೊತ್ತವನ್ನು ಬರೆದು, ಒಂದೊಂದು ಕಡಿತವನ್ನೂ ಹೆಸರು ಹಿಡಿದು ಕಳೆದು, ಕೊನೆಗೆ ಖಾತೆಗೆ ಬಂದದ್ದನ್ನು ಬರೆಯಿರಿ. ಹಿಡಿದುಕೊಂಡದ್ದರಲ್ಲಿ ಸಾಲದ ಕಂತಿದ್ದರೆ ಅದು ಬೆಳೆಯ ಖರ್ಚಲ್ಲ. ಸಾಲ ತೀರಿದ ಲೆಕ್ಕ. ಹಾಗೆಯೇ ಯಾರಿಂದಲೋ ಪಡೆದ ಕೈಗಡ ಆದಾಯವಲ್ಲ. ಕೈಗಡ, ಸೊಸೈಟಿ ಸಾಲ, ಒಡವೆ ಸಾಲ ಎಲ್ಲಕ್ಕೂ ಪುಸ್ತಕದ ಕೊನೆಯಲ್ಲಿ ಬೇರೆ ಪುಟವಿರಲಿ. ಇವನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಬ್ಯಾಂಕು ಅಥವಾ ಸೊಸೈಟಿಯ ಸಾಲಕ್ಕೆ ಜಮೀನು ಆಧಾರವಾಗಿದ್ದರೆ ಪಹಣಿಯ 11ನೇ ಕಾಲಮ್ಮು ಅದನ್ನು ಹೇಳುತ್ತದೆ.

ಇನ್ನು ತಾರೀಖಿನ ಮಾತು. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದ ಹೆಚ್ಚಿನ ಉಪಯೋಗ ಇರುವುದು ಇಲ್ಲಿಯೇ. ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ 7ರ ಬಡ್ಡಿಯಿದ್ದು, ಗಡುವಿನೊಳಗೆ ತೀರಿಸಿದವರಿಗೆ ಶೇ 3ರ ರಿಯಾಯಿತಿ ಸಿಗುವುದರಿಂದ ಕೊನೆಗೆ ಬೀಳುವುದು ಶೇ 4. ಆದರೆ ಈ ರಿಯಾಯಿತಿ, ಹಣ ತೆಗೆದ ದಿನದಿಂದ ಹೆಚ್ಚೆಂದರೆ ಒಂದು ವರ್ಷದವರೆಗೆ ಮಾತ್ರ. ಸಹಕಾರ ಸಂಘದಲ್ಲಿ ಐದು ಲಕ್ಷದವರೆಗೆ ಬಡ್ಡಿಯೇ ಇಲ್ಲದ ಸಾಲ ಸಿಗುವುದಾದರೂ ಅಲ್ಲಿಯೂ ಗಡುವು ಮೀರಬಾರದು. ಕಬ್ಬಿನ ತೊಡಕು ಇಲ್ಲಿದೆ. ನಮ್ಮ ಉದಾಹರಣೆಯಲ್ಲಿ 2024ರ ಸೆಪ್ಟೆಂಬರಿನಲ್ಲಿ ತೆಗೆದ 45,000 ರೂಪಾಯಿಯನ್ನು 2025ರ ಸೆಪ್ಟೆಂಬರಿನೊಳಗೆ ಕಟ್ಟಬೇಕು. ಕಾರ್ಖಾನೆಯ ಹಣ ಬಂದದ್ದು ನವೆಂಬರ್ 28ಕ್ಕೆ. ಹೀಗೆ ನಡುವೆ ಎರಡು ತಿಂಗಳಿಗೂ ಹೆಚ್ಚಿನ ಅಂತರ ಉಳಿಯಿತು. ಆ ಸೆಪ್ಟೆಂಬರಿನಲ್ಲಿ ಕೈಗೆ ಬಂದ ಏಕೈಕ ಹಣ ಆಲೆಮನೆಯ 30,000. ಅರ್ಧ ಎಕರೆಯನ್ನು ಆಲೆಮನೆಗೆ ಏಕೆ ಕೊಟ್ಟಿರಿ ಎಂದು ಅಧಿಕಾರಿ ಕೇಳಿದರೆ, ಗಡುವಿನೊಳಗೆ ಬ್ಯಾಂಕಿಗೆ ಕಟ್ಟುವುದಕ್ಕಾಗಿ ಎಂದು ಪುಸ್ತಕದ ತಾರೀಖುಗಳೇ ಉತ್ತರ ಹೇಳುತ್ತವೆ. ಉಳಿದ 15,000ವನ್ನು ಹಾಲಿನ ಡೇರಿಯ ಬಟವಾಡೆಯಿಂದಲೋ ಬೇರೆ ಉಳಿತಾಯದಿಂದಲೋ ತುಂಬಿದ್ದರೆ ಅದನ್ನೂ ಬರೆಯಿರಿ.

ಈ ಅಂತರವನ್ನು ಅಧಿಕಾರಿಯ ಮುಂದೆ ಇಟ್ಟಾಗ ಎರಡು ಕೆಲಸಗಳು ಸಾಧ್ಯವಾಗುತ್ತವೆ. ಕಬ್ಬಿನ ಸಾಲದ ಗಡುವನ್ನು ಕಟಾವು ಮತ್ತು ಮಾರಾಟದ ಕಾಲಕ್ಕೆ ಹೊಂದಿಸಿ ನಿಗದಿಪಡಿಸಿ ಎಂದು ಕೇಳುವುದು ಒಂದು. ಹಾಗೆ ನಿಗದಿಯಾದರೆ ನವೆಂಬರಿನಲ್ಲಿ ಕಟ್ಟಿದರೂ ಸಾಲ ಸುಸ್ತಿಯಾಗುವುದಿಲ್ಲ. ವರ್ಷ ಮೀರಿದ ದಿನಗಳಿಗೆ ಮಾತ್ರ ಬಡ್ಡಿ ರಿಯಾಯಿತಿ ಇರುವುದಿಲ್ಲ. ಒಂದು ವರ್ಷದ ಗಡುವನ್ನು ಪೂರ್ತಿ ತಪ್ಪಿಸಿ ಶೇ 3ರ ರಿಯಾಯಿತಿಯನ್ನೇ ಕಳೆದುಕೊಂಡರೆ 45,000 ರೂಪಾಯಿಗೆ ವರ್ಷಕ್ಕೆ 1,350 ರೂಪಾಯಿ ಹೆಚ್ಚು ಬೀಳುತ್ತದೆ. ಈ ಮೊತ್ತ ಮುಂಚೆಯೇ ಗೊತ್ತಿದ್ದರೆ, ಅದನ್ನು ಉಳಿಸಲು ತಿಂಗಳಿಗೆ ನೂರಕ್ಕೆ ಮೂರರಂತೆ ಎರಡೂವರೆ ತಿಂಗಳಿಗೆ ಕೈಗಡ ತಂದು 3,375 ರೂಪಾಯಿ ಬಡ್ಡಿ ಕೊಡುವ ತಪ್ಪು ಆಗುವುದಿಲ್ಲ. ಇನ್ನೊಂದು, ಹಣವನ್ನು ಒಂದೇ ಸಲಕ್ಕೆ ತೆಗೆಯದಿರುವುದು. ಕಿಸಾನ್ ಕಾರ್ಡಿನಲ್ಲಿ ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಅವಕಾಶವಿದೆ. ನಾಟಿಗೆ ಬೇಕಾದದ್ದು 45,000 ಮಾತ್ರ ಎಂಬುದು, ಉಳಿದ 27,000 ಜನವರಿಯವರೆಗೆ ಹಂತಹಂತವಾಗಿ ಬೇಕಾದದ್ದು ಎಂಬುದು ನಿಮ್ಮ ಎಡಪುಟದಲ್ಲಿಯೇ ಇದೆ. ಡಿಸೆಂಬರಿನಲ್ಲಿ ತೆಗೆದ ಹಣಕ್ಕೆ ವರ್ಷ ತುಂಬುವುದು ಮುಂದಿನ ಡಿಸೆಂಬರಿಗೆ. ಅಷ್ಟರೊಳಗೆ ಕಬ್ಬಿನ ಹಣ ಬಂದಿರುತ್ತದೆ.

ಈ ಕಾರಣಕ್ಕೆ ಕಬ್ಬಿನ ಪುಟದಲ್ಲಿ ತೂಕದ ಚೀಟಿಯ ತಾರೀಖು, ಹಣ ಬಂದ ತಾರೀಖು ಎರಡನ್ನೂ ಬರೆಯಲೇಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಉದಾಹರಣೆಯಲ್ಲಿ ಅಕ್ಟೋಬರ್ 20ರಿಂದ ನವೆಂಬರ್ 28ಕ್ಕೆ 39 ದಿನಗಳಾದವು. ತಡವಾದದ್ದು ಬೆಳೆಗಾರನ ತಪ್ಪಿನಿಂದಲ್ಲ ಎಂಬುದಕ್ಕೆ ಆ ಎರಡು ತಾರೀಖುಗಳಿಗಿಂತ ಗಟ್ಟಿಯಾದ ಮಾತು ಬೇಕಿಲ್ಲ.

ಭತ್ತದ ಲೆಕ್ಕ ಇಷ್ಟು ಸಿಕ್ಕಲ್ಲ. ಒಂದು ಎಕರೆಗೆ 24 ಕ್ವಿಂಟಲ್ ಬಂದು, 6 ಕ್ವಿಂಟಲ್ ಮನೆಗೆ ಇಟ್ಟುಕೊಂಡು, 18 ಕ್ವಿಂಟಲ್ ಮಾರಿದ್ದರೆ ಪೂರ್ತಿ 24 ಕ್ವಿಂಟಲನ್ನೂ ಇಳುವರಿ ಎಂದು ಬರೆದು, ಮನೆಗೆ ಇಟ್ಟದ್ದನ್ನು ಬೇರೆ ಸಾಲಿನಲ್ಲಿ ತೋರಿಸಿ. ಅದು ನಗದಲ್ಲ, ಆದರೆ ಮನೆಯ ಅಕ್ಕಿಯ ಖರ್ಚನ್ನು ಉಳಿಸಿದ ಬೆಳೆ. ಕಣದಲ್ಲಿಯೇ ವ್ಯಾಪಾರಿಗೆ ಕೊಟ್ಟರೆ ಮತ್ತೆ ಚೀಟಿಯ ತೊಂದರೆ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಕೊಟ್ಟರೆ ಹಣ ನೇರವಾಗಿ ಖಾತೆಗೆ ಬರುವುದರಿಂದ ದಾಖಲೆ ತಾನಾಗಿಯೇ ಉಳಿಯುತ್ತದೆ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಅಲ್ಲಿ ನೋಂದಣಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು, ಬ್ಯಾಂಕಿನಲ್ಲಿಯೂ ಅದನ್ನೇ ಕೇಳುತ್ತಾರೆ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ನೋಡಿಸಿಕೊಳ್ಳಿ.

ಕಳೆದುಹೋದ ಬೆಳೆಗಳಿಗೆ ಈಗ ಲೆಕ್ಕ ಬರೆಯುವುದು ತಪ್ಪಲ್ಲ, ಆದರೆ ಅದನ್ನು ಆಗಲೇ ಬರೆದದ್ದೆಂದು ತೋರಿಸಬಾರದು. ಪುಟದ ಮೇಲೆ ‘ಪಾಸ್‌ಪುಸ್ತಕ, ತೂಕದ ಚೀಟಿ, ಗೊಬ್ಬರದ ರಶೀದಿ ನೋಡಿ ಬರೆದದ್ದು’ ಎಂದು ಇಂದಿನ ತಾರೀಖು ಹಾಕಿ. ಮೊದಲು ಕಾರ್ಖಾನೆಯ ಬಿಲ್ಲಿನಿಂದ ಟನ್ ಮತ್ತು ಹಣವನ್ನು ಬರೆದುಕೊಳ್ಳಿ. ಬಿಲ್ಲು ಕಳೆದಿದ್ದರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ನಕಲು ಕೇಳಿ. ಅನಂತರ ಪಾಸ್‌ಪುಸ್ತಕದಲ್ಲಿ ಹಣ ಹೋದ ಸಾಲುಗಳನ್ನು ಬೆಳೆಯ ಕೆಲಸಗಳಿಗೆ ಹೊಂದಿಸಿ. ಕೂಲಿಯ ದಿನಗಳನ್ನು ಮನೆಯವರ ಜೊತೆ ಕುಳಿತು ನೆನಪು ಮಾಡಿಕೊಂಡು ಬರೆದು, ‘ನೆನಪಿನಿಂದ’ ಎಂದು ಗುರುತು ಹಾಕಿ. ಇಂತಹ ಲೆಕ್ಕಗಳಲ್ಲಿ ಅನುಮಾನ ಬರುವುದು ಸಾಮಾನ್ಯವಾಗಿ ಎಲ್ಲ ಮೊತ್ತಗಳೂ ಸಾವಿರದ ಸೊನ್ನೆಗಳಲ್ಲಿ ಮುಗಿದಾಗ, ಅಥವಾ ಎರಡು ವರ್ಷಕ್ಕೂ ಒಂದೇ ಅಂಕಿಗಳಿದ್ದಾಗ. ಮೇಲಿನ ನನ್ನ ಉದಾಹರಣೆಯಲ್ಲಿ ಸುಲಭವಾಗಿ ಓದಲೆಂದು ಸೊನ್ನೆಗಳನ್ನು ಇಟ್ಟಿದ್ದೇನೆ. ನಿಮ್ಮ ಪುಸ್ತಕದಲ್ಲಿ 1,266 ಇದ್ದರೆ 1,266 ಎಂದೇ ಇರಲಿ.

ಬ್ಯಾಂಕಿಗೆ ಹೋಗುವಾಗ ಪುಸ್ತಕದ ಜೊತೆಗೆ ಒಂದೇ ಹಾಳೆಯ ಸಾರಾಂಶ ಮಾಡಿಕೊಳ್ಳಿ: ಸರ್ವೆ ನಂಬರ್, ಎಕರೆ, ಗುಂಟೆ, ಬೆಳೆ, ನಾಟಿಯ ತಿಂಗಳು, ಒಟ್ಟು ಖರ್ಚು, ಇಳುವರಿ, ಕೈಗೆ ಬಂದ ಹಣ, ಬಂದ ತಿಂಗಳು. ಪಹಣಿ, ಬೆಳೆ ಸಮೀಕ್ಷೆಯ ವಿವರ, ಕಾರ್ಖಾನೆಯ ಒಪ್ಪಿಗೆ ಪತ್ರ, ಬಿಲ್ಲು, ಪಾಸ್‌ಪುಸ್ತಕಗಳ ನಕಲನ್ನು ಅದರ ಹಿಂದೆ ಅದೇ ಕ್ರಮದಲ್ಲಿ ಇಡಿ. ಸಾಲದ ಮಿತಿ ಎರಡು ಲಕ್ಷದೊಳಗಿದ್ದರೆ 2025ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ ಬೇರೆ ಆಧಾರ ಕೇಳುವಂತಿಲ್ಲ. ಉದಾಹರಣೆಯ ಮೊದಲ ವರ್ಷದ 1,69,000 ಅದರೊಳಗೇ ಬರುತ್ತದೆ.

ಕಬ್ಬು ಕಡಿದ ಜಮೀನಿನಲ್ಲಿ ನೀವು ಕೂಳೆ ಬಿಟ್ಟಿದ್ದರೆ ಅದರ ಪುಟವನ್ನು ಇಂದೇ ತೆರೆಯಿರಿ. ಕೂಳೆಯ ಬುಡ ಸವರಿಸಿದ ದಿನ, ಅದಕ್ಕೆ ಬಂದ ಆಳುಗಳು, ಕೊಟ್ಟ ಕೂಲಿ ಮೊದಲ ಸಾಲಾಗಲಿ.